ಇಸಿಜಿ ನಾರ್ಮಲ್ ಬಂತು, ‘ಟೆನ್ಷನ್’ ಅಂದು ಮನೆಗೆ ಕಳಿಸಿದರು. ಇದು ಪ್ಯಾನಿಕ್ಕಾ, ಹಾರ್ಟಾ?

ಶೆಟ್ಟಿಹಳ್ಳಿ_ತಿರುವು · ಮಂಗಳವಾರ, ಬೆಳಿಗ್ಗೆ 8.10

ನಮ್ಮ ಭಾವನ ವಿಷಯ. ವಯಸ್ಸು 44. ಆರು ವರ್ಷದಿಂದ ಶುಗರ್, ದಿನಕ್ಕೆ ಏಳೆಂಟು ಸಿಗರೇಟು. ಭಾನುವಾರ ರಾತ್ರಿ 9.40ಕ್ಕೆ ಊಟ ಮುಗಿಸಿ ಕೂತಿದ್ದಾಗ ಎದೆ ಮಧ್ಯೆ ಯಾರೋ ಮೊಣಕಾಲು ಊರಿದ ಹಾಗೆ ಭಾರ, ಮೈಯೆಲ್ಲ ಬೆವರು, ಕೈ ನಡುಕ, ‘ನಾನಿನ್ನು ಉಳಿಯಲ್ಲ’ ಅನ್ನೋ ಭಯ. 10.15ಕ್ಕೆ ಹತ್ತಿರದ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ವಿ. 10.20ಕ್ಕೆ ಇಸಿಜಿ ತೆಗೆದರು, ನಾರ್ಮಲ್. ಬೆರಳಿಂದ ರಕ್ತ ತೆಗೆದು ಒಂದು ಕಾರ್ಡ್ ಮೇಲೆ ಹಾಕಿ ನೋಡಿದ್ರು, ನೆಗೆಟಿವ್. ಬಿಪಿ 150/94, ನಾಡಿ 112, ಆಕ್ಸಿಜನ್ 99. ಗ್ಯಾಸಿನ ಇಂಜೆಕ್ಷನ್ ಕೊಟ್ಟು, ನಿದ್ದೆ ಮಾತ್ರೆ ಅರ್ಧ ಕೊಟ್ಟರು. 11 ಗಂಟೆ ಹೊತ್ತಿಗೆ ನೋವು ಪೂರ್ತಿ ಹೋಗಿತ್ತು. ‘ಟೆನ್ಷನ್ ಅಷ್ಟೆ, ಮನೆಗೆ ಹೋಗಿ’ ಅಂದ್ರು.

ಕಳೆದ ವರ್ಷ ಲೋನಿನ ಗಲಾಟೆಯಲ್ಲಿ ಇವರಿಗೆ ಇಂಥದ್ದೇ ಎರಡು ಮೂರು ಸಲ ಆಗಿತ್ತು, ಆಗ ಪ್ಯಾನಿಕ್ ಅಟ್ಯಾಕ್ ಅಂತಲೇ ಹೇಳಿದ್ದರು. ಈ ಸಲವೂ ಅದೇ ಇರಬಹುದಾ? ಎರಡಕ್ಕೂ ವ್ಯತ್ಯಾಸ ಮನೇಲಿ ಕೂತು ಗುರುತಿಸೋದು ಹೇಗೆ?

ಸೋಡಾ_ಗೋಲಿ · 8.22

ಇಸಿಜಿ ನಾರ್ಮಲ್, ರಕ್ತ ನಾರ್ಮಲ್, ಗ್ಯಾಸ್ ಇಂಜೆಕ್ಷನ್‌ಗೆ ಹೋಯ್ತು. ಅಂದಮೇಲೆ ಗ್ಯಾಸು. ಓಂಕಾಳು ಬಿಸಿನೀರು ಕುಡಿಸಿ, ರಾತ್ರಿ ಊಟ ಎಂಟರೊಳಗೆ ಮುಗಿಸಲಿ.

ಮಾಗಡಿ_ರೋಡ್ · 8.31

ಗ್ಯಾಸಲ್ಲ, ಆದರೆ ಹಾರ್ಟೂ ಅಲ್ಲ ಅನ್ಸುತ್ತೆ. ಪ್ಯಾನಿಕ್ ಹತ್ತು ನಿಮಿಷದೊಳಗೆ ತುದಿಗೇರುತ್ತೆ, ಅರ್ಧ ಗಂಟೆಗೆ ಇಳಿಯುತ್ತೆ. ನಡುಕ, ಸಾಯ್ತೀನಿ ಅನ್ನೋ ಭಯ ಎಲ್ಲ ಅದರದ್ದೇ ಗುರುತು. ಹಾರ್ಟ್ ನೋವಾಗಿದ್ರೆ ಎಡಗೈಗೆ ಇಳೀಬೇಕಿತ್ತು, ಇಳಿದಿಲ್ಲ. ಸಮಾಧಾನ ಬೇಕಂದ್ರೆ ಒಂದು ಟಿಎಂಟಿ ಮಾಡಿಸಿಬಿಡಿ, ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಬಣ್ಣ ಬಯಲಾಗುತ್ತೆ.

ರಾತ್ರಿಪಾಳಿ · 8.50

ತುರ್ತು ವಿಭಾಗದಲ್ಲಿ ಕೆಲಸ ಮಾಡುವವನು ನಾನು. ಟಿಎಂಟಿ ಮಾತ್ರ ಈಗ ಬೇಡ, ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಮೂರು ಪ್ರಶ್ನೆ.

ಒಂದು, ಕಳೆದ ವರ್ಷ ಆದದ್ದಕ್ಕೂ ಭಾನುವಾರ ಆದದ್ದಕ್ಕೂ ಭಾವ ತಾವೇ ಏನಾದರೂ ವ್ಯತ್ಯಾಸ ಹೇಳ್ತಾರಾ? ಎರಡು, ಭಾನುವಾರದ ನಂತರ ನಡೆಯುವಾಗ, ಮೆಟ್ಟಿಲು ಹತ್ತುವಾಗ, ಬಕೆಟ್ ಎತ್ತುವಾಗ ಎದೆ, ಗಂಟಲು, ದವಡೆ ಅಥವಾ ರಟ್ಟೆಯಲ್ಲಿ ಏನಾದರೂ ಬಿಗಿತ ಬಂತಾ? ಮೂರು, ಅವರ ಅಪ್ಪ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಇತ್ತಾ?

ಶೆಟ್ಟಿಹಳ್ಳಿ_ತಿರುವು · 9.25

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಕಳೆದ ವರ್ಷ ಆದಾಗ ಮೊದಲು ಎದೆ ಢವಢವ ಅಂತ ಶುರುವಾಗಿ, ಉಸಿರು ಸಾಲ್ತಿಲ್ಲ ಅನ್ನಿಸಿ, ಬಾಯಿ ಸುತ್ತ ಜುಮ್ಮುಜುಮ್ಮು, ಕೈಬೆರಳು ಸೊಟ್ಟಗೆ ಸೆಟೆದುಕೊಂಡಿದ್ದವಂತೆ. ಎದೆಯಲ್ಲಿ ಚುಚ್ಚಿದ ಹಾಗೆ ಇತ್ತಂತೆ. ಈ ಸಲ ಜುಮ್ಮು ಇರಲಿಲ್ಲ, ಭಾರ ಮೊದಲು ಬಂತು, ಭಯ ಆಮೇಲೆ.

ಮತ್ತೆ, ನಿನ್ನೆ ಆಫೀಸಲ್ಲಿ ಲಿಫ್ಟ್ ಕೆಟ್ಟು ಎರಡನೇ ಮಹಡಿಗೆ ಹತ್ತುವಾಗ ಗಂಟಲ ಹತ್ತಿರ ಹಿಂಡಿದ ಹಾಗಾಗಿ ನಿಂತುಕೊಂಡರಂತೆ. ಎರಡು ನಿಮಿಷಕ್ಕೆ ಸರಿಹೋಯ್ತಂತೆ. ‘ಇದೂ ಟೆನ್ಷನ್ನೇ’ ಅಂತ ಯಾರಿಗೂ ಹೇಳಿಲ್ಲ. ಅವರಪ್ಪನಿಗೆ 52ಕ್ಕೆ ಬೈಪಾಸ್ ಆಗಿತ್ತು.

ರಾತ್ರಿಪಾಳಿ · 9.33

ಹಾಗಾದರೆ ಇವತ್ತೇ ಹೋಗಿ. ನಾಳೆ, ಸಂಜೆ ಅಂತ ಮುಂದೂಡಬೇಡಿ. ಆಂಜಿಯೋಗ್ರಾಮ್, ಸ್ಟೆಂಟ್ ಮಾಡುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ, ಒಪಿಡಿ ಚೀಟಿ ಸಾಲಿಗಲ್ಲ. ಭಾವ ತಾವೇ ಗಾಡಿ ಓಡಿಸೋದು ಬೇಡ. ಭಾನುವಾರದ ಇಸಿಜಿ ಕಾಗದ ಕೈಲಿರಲಿ. ದಾರಿಯಲ್ಲಿ ನೋವು ಬಂದರೆ, ಅಥವಾ ಹೊರಡೋಕೆ ಮುಂಚೆಯೇ ಬಂದರೆ 108. ಹೊರಟಮೇಲೆ ಮಿಕ್ಕದ್ದು ಬರೀತೀನಿ, ಓದೋಕೆ ಅಂತ ಕೂರಬೇಡಿ.

ಶೆಟ್ಟಿಹಳ್ಳಿ_ತಿರುವು · 9.36

ಹೊರಟೆವು.

ಮಾಗಡಿ_ರೋಡ್ · 9.48

ಹೆದರಿಸ್ತಿದ್ದೀರಲ್ಲ ಸಾರ್. ಇಸಿಜಿ ನಾರ್ಮಲ್, ಆ ಕಾರ್ಡಿನ ಟ್ರೋಪೋನಿನ್ ಟೆಸ್ಟ್ ನೆಗೆಟಿವ್ ಇದ್ದಮೇಲೂ?

ರಾತ್ರಿಪಾಳಿ · 10.15

ಹೊತ್ತು ನೋಡಿ. ನೋವು ಶುರುವಾಗಿದ್ದು 9.40ಕ್ಕೆ, ರಕ್ತ ತೆಗೆದದ್ದು ಹೆಚ್ಚೂಕಮ್ಮಿ 10.20ಕ್ಕೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ರಕ್ತಕ್ಕೆ ಸೋರುತ್ತೆ ನಿಜ, ಆದರೆ ಆ ಕಾರ್ಡ್ ಟೆಸ್ಟಿಗೆ ಸಿಗುವಷ್ಟು ಏರೋದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಬೇಕು. ನಲವತ್ತು ನಿಮಿಷಕ್ಕೆ ಮಾಡಿದ ಕಾರ್ಡ್ ನೆಗೆಟಿವ್ ಬರದೆ ಇನ್ನೇನು ಬರುತ್ತೆ? ಲ್ಯಾಬಿನಲ್ಲಿ ಮಾಡುವ ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಇನ್ನೂ ಬೇಗ ಹೇಳುತ್ತೆ. ಅದನ್ನೂ ಒಂದು ಸಲ ಮಾಡಿ ಬಿಡೋದಿಲ್ಲ, ಯಾವ ಕಿಟ್ ಅನ್ನೋದರ ಮೇಲೆ ಒಂದರಿಂದ ಮೂರು ಗಂಟೆ ಬಿಟ್ಟು ಇನ್ನೊಂದು ಸಲ ಮಾಡ್ತಾರೆ. ಏರಿತಾ ಇಲ್ಲವಾ ಅನ್ನೋದು ಮುಖ್ಯ.

ಇನ್ನೊಂದು ಮಾತು. ರಕ್ತನಾಳ ಬಹಳ ಕಿರಿದಾಗಿ, ಆದರೆ ಸ್ನಾಯು ಇನ್ನೂ ಸಾಯದೆ ಇದ್ದರೆ ಟ್ರೋಪೋನಿನ್ ಎಷ್ಟು ಸಲ ಮಾಡಿದರೂ ನಾರ್ಮಲ್ ಇರಬಹುದು. ಅನ್‌ಸ್ಟೇಬಲ್ ಆಂಜೈನಾ ಅನ್ನೋದು ಅದನ್ನೇ. ಆಗ ಸುಳಿವು ಕೊಡೋದು ರೋಗಿಯ ಮಾತು. ಕೂತಲ್ಲೇ ಬಂದ ಭಾರ, ಮರುದಿನ ಮೆಟ್ಟಿಲಲ್ಲಿ ಬಂದು ನಿಂತಾಗ ಹೋದ ಬಿಗಿತ. ಪ್ಯಾನಿಕ್ಕಿಗೆ ಮೆಟ್ಟಿಲ ಲೆಕ್ಕ ಇರಲ್ಲ.

ಉಸಿರಾಟ · 10.31

ಕೊನೇ ವಾಕ್ಯಕ್ಕೆ ಸಣ್ಣ ತಿದ್ದುಪಡಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಪ್ಯಾನಿಕ್ ಇರುವವರಲ್ಲಿ ಕೆಲವರಿಗೆ ಮೆಟ್ಟಿಲು ಹತ್ತಿ ಎದೆಬಡಿತ ಜಾಸ್ತಿಯಾದರೆ ಅದೇ ಕಿಡಿಯಾಗಿ ಅಟ್ಯಾಕ್ ಶುರುವಾಗುತ್ತೆ. ಆದರೆ ಅದು ನಿಂತ ಎರಡೇ ನಿಮಿಷಕ್ಕೆ ಮಾಯವಾಗಲ್ಲ, ನಿಂತಮೇಲೂ ಏರುತ್ತೆ. ಪ್ರತಿ ಸಲ ಅಷ್ಟೇ ಮೆಟ್ಟಿಲಿಗೆ ಬಂದು, ನಿಂತರೆ ಇಳಿಯುವುದು ಹೃದಯದ ರೀತಿ.

ರಾತ್ರಿಪಾಳಿ · 10.34

ಒಪ್ಪಿದೆ. ಅವಸರದಲ್ಲಿ ಬರೆದದ್ದು.

ಹನ್ನೆರಡು_ಲೀಡ್ · 10.52

ಇಸಿಜಿ ಟೆಕ್ನಿಷಿಯನ್ ನಾನು, ಧಾರವಾಡ ಕಡೆ. ಒಂದ ಇಸಿಜಿ ಅಂದ್ರ ಹತ್ತು ಸೆಕೆಂಡಿನ ಫೋಟೊ ಐತಿ ನೋಡ್ರಿ. ಆ ಹತ್ತು ಸೆಕೆಂಡಿನ್ಯಾಗ ಹೃದಯ ಹೆಂಗಿತ್ತು ಅಷ್ಟ ಹೇಳ್ತದ. ನೋವು ಇನ್ನೂ ಇದ್ರ ಹದಿನೈದು, ಮೂವತ್ತು ನಿಮಿಷಕ್ಕೊಮ್ಮೆ ಮತ್ತ ತೆಗೀಬೇಕು. ಎಲೆಕ್ಟ್ರೋಡು ಹಚ್ಚಿದ ಜಾಗಾ ಪೆನ್ನಿಲೆ ಗುರ್ತು ಮಾಡಿ ಬಿಡಬೇಕು, ಇಲ್ಲಂದ್ರ ಎರಡನೇ ಇಸಿಜಿಯೊಳಗ ಬದಲಾವಣೆ ಕಂಡ್ರ ಅದು ಹೃದಯದ್ದೊ ನಮ್ಮ ಕೈಯಿದೊ ತಿಳಿಯಂಗಿಲ್ಲ.

ಹೃದಯದ ಹಿಂಭಾಗದ ಗೋಡಿಗೆ ರಕ್ತ ನಿಂತ್ರ ಮಾಮೂಲಿ ಹನ್ನೆರಡು ಲೀಡಿನ್ಯಾಗ ಸರಿಯಾಗಿ ಕಾಣಂಗಿಲ್ಲ. ಅದಕ್ಕ ಎಡಗಡೆ ಬೆನ್ನಿಗೆ ವಿ7, ವಿ8, ವಿ9 ಅಂತ ಹಚ್ಚಿ ತೆಗೀತೀವಿ. ಸಣ್ಣ ಕ್ಲಿನಿಕ್ಕಿನ್ಯಾಗ ಯಾರೂ ತೆಗಿಯಂಗಿಲ್ಲ.

ತುಂಗಾತೀರ · 11.20

ನನ್ನದು ಉಲ್ಟಾ. ಹೆಣ್ಣು, 29 ವರ್ಷ, ಒಂದೂವರೆ ವರ್ಷದಲ್ಲಿ ಆರು ಇಸಿಜಿ, ಎರಡು ಎಕೋ, ಒಂದು ಟಿಎಂಟಿ, ಎಲ್ಲ ನಾರ್ಮಲ್. ಪ್ರತಿ ಸಲ ‘ನಿಮಗೇನೂ ಇಲ್ಲ’ ಅಂತಾರೆ. ಏನೂ ಇಲ್ಲದಿದ್ರೆ ವಾರಕ್ಕೆರಡು ಸಲ ಯಾಕೆ ಬರುತ್ತೆ? ಈ ಥ್ರೆಡ್ ಓದಿ ಈಗ ಬೆನ್ನಿಗೆ ಇಸಿಜಿ ತೆಗೆಸಬೇಕಾ ಅಂತ ಶುರುವಾಗಿದೆ.

ಉಸಿರಾಟ · 11.47

ಬೇಡ, ಬೆನ್ನಿನ ಇಸಿಜಿ ನಿಮಗಲ್ಲ.

‘ಏನೂ ಇಲ್ಲ’ ಅನ್ನೋದು ಅರ್ಧ ಮಾತು. ಹೃದಯದಲ್ಲಿ ಏನೂ ಇಲ್ಲ ಅನ್ನೋದನ್ನ ಅಷ್ಟು ಪರೀಕ್ಷೆ ಹೇಳಿವೆ. ಪ್ಯಾನಿಕ್ ಇದೆಯಾ ಅಂತ ಯಾರೂ ಕೇಳಿಲ್ಲ. ಪ್ಯಾನಿಕ್ ಅಂದ್ರೆ ಬೇರೆ ಎಲ್ಲ ಇಲ್ಲ ಅಂದಮೇಲೆ ಅಂಟಿಸೋ ಚೀಟಿ ಅಲ್ಲ, ಅದಕ್ಕೆ ಅದರದ್ದೇ ಲಕ್ಷಣ ಇವೆ. ಏಕಾಏಕಿ ಬಂದು ನಿಮಿಷಗಳಲ್ಲಿ ತುದಿಗೆ ಹೋಗೋದು, ಢವಢವ, ಉಸಿರು ಸಾಲದು ಅನ್ನಿಸೋದು, ಜುಮ್ಮು, ಸುತ್ತಲಿನದು ಕನಸಿನ ಹಾಗೆ ಕಾಣೋದು, ಹುಚ್ಚು ಹಿಡೀತಿದೆ ಅಥವಾ ಸಾಯ್ತೀನಿ ಅನ್ನಿಸೋದು. ಇದಕ್ಕಿಂತ ಮುಖ್ಯ ಎರಡು ಅಟ್ಯಾಕ್‌ಗಳ ನಡುವಿನ ದಿನಗಳು. ಮತ್ತೆ ಬಂದುಬಿಟ್ಟರೆ ಅಂತ ಒಬ್ಬರೇ ಬಸ್ ಹತ್ತದಿರೋದು, ಆಸ್ಪತ್ರೆ ಹತ್ತಿರ ಇದ್ರೆ ಮಾತ್ರ ಹೊರಗೆ ಹೋಗೋದು. ಇದು ತಿಂಗಳಿಗೂ ಹೆಚ್ಚು ನಡೆದಿದ್ದರೆ ಪ್ಯಾನಿಕ್ ಡಿಸಾರ್ಡರ್ ಅಂತ ನೋಡಬೇಕು.

ಜುಮ್ಮು ಯಾಕೆ ಬರುತ್ತೆ ಗೊತ್ತಾ? ಜೋರಾಗಿ ಉಸಿರಾಡುತ್ತಾ ಇದ್ದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತೆ, ರಕ್ತ ಸ್ವಲ್ಪ ಕ್ಷಾರವಾಗುತ್ತೆ, ಆಗ ರಕ್ತದಲ್ಲಿ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಕಮ್ಮಿಯಾಗಿ ನರಗಳು ಚುರುಗುಟ್ಟುತ್ತವೆ. ತುಟಿ ಜುಮ್ಮೆನ್ನೋದು, ಬೆರಳು ಸೆಟೆಯೋದು ಅದಕ್ಕೇ. ಮೇಲೆ ಭಾವನ ಹಳೇ ಅಟ್ಯಾಕ್ ಹೇಳಿದರಲ್ಲ, ಅದು ಇದೇ.

ಕಡಲ_ಬದಿ · 12.05

ಮಾರಾಯ್ರೆ, ಹಾಗಾದ್ರೆ ಬಾಯಿಗೆ ಪೇಪರ್ ಕವರ್ ಹಿಡಿದು ಉಸಿರಾಡಿದ್ರೆ ಸರಿ ಆಗ್ತದಲ್ಲ? ಸಿನಿಮಾದಲ್ಲೆಲ್ಲ ಹಾಗೇ ಮಾಡ್ತಾರೆ.

ರಾತ್ರಿಪಾಳಿ · 12.12

ದಯವಿಟ್ಟು ಬೇಡ. ಕವರಿನೊಳಗೆ ಆಕ್ಸಿಜನ್ ಕಮ್ಮಿಯಾಗ್ತಾ ಹೋಗುತ್ತೆ. ನಿಜವಾಗಿ ಹಾರ್ಟ್ ಅಟ್ಯಾಕ್ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಇದೊಂದು ಕವರ್ ಸಾಕು ಅನಾಹುತಕ್ಕೆ. ಪ್ಯಾನಿಕ್ ಅಂತ ಮೊದಲೇ ಖಚಿತವಾಗಿದ್ದರೆ ಉಸಿರನ್ನು ನಿಧಾನ ಹೊರಗೆ ಬಿಡೋದೇ ಸಾಕು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ.

ಮಾತ್ರೆ_ಡಬ್ಬಿ · 12.40

ಮೆಡಿಕಲ್ ಶಾಪಿನ ಕೌಂಟರಿಂದ ಒಂದು ಪ್ರಶ್ನೆ. ವಾಟ್ಸಾಪಿನಲ್ಲಿ ‘ಹಾರ್ಟ್ ಕಿಟ್’ ಅಂತ ಓಡಾಡ್ತಿದೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್, ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್. ದಿನಾ ಇಬ್ಬರಾದರೂ ಕೇಳ್ಕೊಂಡು ಬರ್ತಾರೆ. ಕೊಡಬೇಕೋ ಬೇಡವೋ? ಎದೆನೋವಿಗೆ ಸಾರ್ಬಿಟ್ರೇಟ್ ಇಟ್ಟು ನೋವು ಹೋದರೆ ಹಾರ್ಟ್, ಹೋಗದಿದ್ರೆ ಗ್ಯಾಸ್ ಅಂತ ಟೆಸ್ಟ್ ಬೇರೆ ಮಾಡ್ಕೋತಾರಂತೆ.

ರಾತ್ರಿಪಾಳಿ · 1.05

ಆ ಟೆಸ್ಟು ಸುಳ್ಳು. ಅನ್ನನಾಳದ ಸೆಳೆತವೂ ಸಾರ್ಬಿಟ್ರೇಟಿಗೆ ಇಳಿಯುತ್ತೆ. ಅದೇ ರೀತಿ ಗ್ಯಾಸ್ ಇಂಜೆಕ್ಷನ್‌ಗೆ ಹೋಯ್ತು ಅಂದರೆ ಗ್ಯಾಸು, ನಿದ್ದೆ ಮಾತ್ರೆಗೆ ಹೋಯ್ತು ಅಂದರೆ ಟೆನ್ಷನ್ ಅನ್ನೋದೂ ಸುಳ್ಳು. ಆಂಜೈನಾ ತಾನಾಗೇ ಐದಾರು ನಿಮಿಷಕ್ಕೋ ಅರ್ಧ ಗಂಟೆಗೋ ಇಳಿಯುತ್ತೆ, ಆ ಹೊತ್ತಿಗೆ ಯಾವ ಮಾತ್ರೆ ಕೊಟ್ಟಿದ್ದರೂ ಹೆಸರು ಅದಕ್ಕೆ. ಸೋಡಾ_ಗೋಲಿಯವರಿಗೂ ಇದೇ ಉತ್ತರ.

ಹೃದಯದ ನೋವು ಅಂತ ಬಲವಾದ ಅನುಮಾನ ಇದ್ದಾಗ, ಆಂಬುಲೆನ್ಸ್ ಬರೋವರೆಗೆ, ಆಸ್ಪಿರಿನ್ 300 ಮಿ.ಗ್ರಾಂ. ಜಗಿದು ನುಂಗೋದು ಒಪ್ಪಿತ ಕ್ರಮ. ಜಗಿಯಲೇಬೇಕು. 75ರ ಎಷ್ಟೋ ಮಾತ್ರೆಗಳಿಗೆ ಹೊಟ್ಟೆಯಲ್ಲಿ ಕರಗದ ಲೇಪ ಇರುತ್ತೆ, ಇಡಿಯಾಗಿ ನುಂಗಿದರೆ ಕೆಲಸ ಶುರುವಾಗೋಕೆ ಗಂಟೆಗಟ್ಟಲೆ ತಡ. ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಯಲ್ಲಿ ರಕ್ತಸ್ರಾವ ಆಗ್ತಿರುವವರು ತಗೋಬಾರದು. ಬೆನ್ನಿಗೆ ಹರಿದ ಹಾಗೆ ನೋವು ಹೊಡೆದರೂ ಬೇಡ, ಅದು ಮಹಾಪಧಮನಿ ಸೀಳಿದ್ದಿರಬಹುದು.

ಸಾರ್ಬಿಟ್ರೇಟ್ ಮಾತ್ರ ಬರೆದುಕೊಟ್ಟವರಿಗೆ ಬಿಟ್ಟು ಬೇರೆಯವರಿಗೆ ಕೊಡಬೇಡಿ. ಬಿಪಿ ಕುಸಿದು ಬಿದ್ದು ತಲೆ ಒಡಕೊಂಡು ಬರ್ತಾರೆ. ವಯಾಗ್ರಾ ಜಾತಿಯ ಮಾತ್ರೆ ತಗೊಂಡಿದ್ದರಂತೂ ಅಪಾಯ, ಅದನ್ನ ಹೆಂಡತಿ ಮುಂದೆ ಯಾರೂ ಹೇಳಲ್ಲ.

ಮಾಗಡಿ_ರೋಡ್ · 1.18

ಎಡಗೈ ವಿಷಯ ಉತ್ತರಿಸಲಿಲ್ಲ.

ರಾತ್ರಿಪಾಳಿ · 1.30

ಎಡಗೈಗಿಂತ ಎರಡೂ ಕೈಗೆ, ಅಥವಾ ಬಲಗೈಗೆ ಹರಡಿದರೆ ಹೃದಯದ ಅನುಮಾನ ಇನ್ನೂ ಜಾಸ್ತಿ. ಎಲ್ಲಿಗೂ ಹರಡದೆಯೂ ಇರಬಹುದು. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತು ಅಂತ ಬರೋದುಂಟು.

ಬೆರಳ ತುದಿ ಇಟ್ಟು ‘ಇಲ್ಲೇ’ ಅಂತ ತೋರಿಸಬಹುದಾದ ಚುಚ್ಚುನೋವು, ಒತ್ತಿದರೆ ಜಾಸ್ತಿಯಾಗೋದು, ಉಸಿರೆಳೆದರೆ, ಮಗ್ಗುಲು ಬದಲಿಸಿದರೆ ವ್ಯತ್ಯಾಸ ಆಗೋದು, ಕೆಲವೇ ಸೆಕೆಂಡ್ ಹೊಡೆದು ಹೋಗೋದು, ಇವು ಹೃದಯದ ಸಾಧ್ಯತೆಯನ್ನ ಕಮ್ಮಿ ಮಾಡ್ತವೆ. ಸೊನ್ನೆ ಮಾಡಲ್ಲ. ಅಂಗೈ ಎದೆಗೆ ಒತ್ತಿಯೋ ಮುಷ್ಟಿ ಹಿಡಿದೋ ತೋರಿಸಿದರೆ ನಾವು ಎಚ್ಚರ ಆಗ್ತೀವಿ, ಅದೂ ಪಕ್ಕಾ ಅಲ್ಲ. ಹೃದಯಾಘಾತ ಆಗುತ್ತಿರುವ ಮನುಷ್ಯನಿಗೂ ಸಾವಿನ ಭಯ ಇರುತ್ತೆ ಅನ್ನೋದನ್ನ ಜನ ಯಾಕೆ ಮರೀತಾರೋ.

ಕಡಲ_ಬದಿ · 1.44

ನನ್ನ ವಾಚಿನಲ್ಲಿ ಇಸಿಜಿ ಉಂಟು. ಅದು ಸಾಕಾಗ್ತದಾ?

ಹನ್ನೆರಡು_ಲೀಡ್ · 1.51

ಅದು ಒಂದ ಲೀಡ್ರಿ. ಬಡಿತ ಅಡ್ಡಾದಿಡ್ಡಿ ಆದ್ರ ಹೇಳ್ತದ, ಹಾರ್ಟ್ ಅಟ್ಯಾಕ್ ಹಿಡಿಯಂಗಿಲ್ಲ ಅಂತ ಅದರ ಆ್ಯಪಿನ್ಯಾಗ ಬರದಿರ್ತದ, ಓದ್ರಿ. ಆದ್ರ ಒಂದ ಉಪಯೋಗ ಐತಿ. ‘ಪ್ಯಾನಿಕ್’ ಅಂತ ವರ್ಷಾನುಗಟ್ಟಲೆ ತಿರುಗಿದವರೊಳಗ ಕೆಲವರಿಗೆ ಎಸ್‌ವಿಟಿ ಅನ್ನೂ ಬಡಿತದ ತೊಂದ್ರಿ ಇರ್ತದ. ನಾಡಿ ಸ್ವಿಚ್ ಹಾಕಿದಂಗ ಒಮ್ಮೆಲೆ 180 ಆಗಿ, ಸ್ವಿಚ್ ತೆಗದಂಗ ಒಮ್ಮೆಲೆ ನಿಂತ್ರ ಅದು. ಪ್ಯಾನಿಕ್ಕಿನ್ಯಾಗ ನಿಧಾನ ಏರಿ ನಿಧಾನ ಇಳೀತದ, ಸಾಮಾನ್ಯ ಅಷ್ಟು ಜೋರ ಹೋಗಂಗಿಲ್ಲ. ತುಂಗಾತೀರ ಅವರ, ಬಂದಾಗ ನಾಡಿ ಎಣಿಸಿ ಬರದಿಡ್ರಿ. ನಿಮ್ಮ ಆರೂ ಇಸಿಜಿ ಅಟ್ಯಾಕ್ ಮುಗದ ಮ್ಯಾಲ ತೆಗದಿದ್ದಾ?

ತುಂಗಾತೀರ · 2.03

ಹೌದು, ಆಸ್ಪತ್ರೆಗೆ ಹೋಗೋಷ್ಟರಲ್ಲಿ ಕಮ್ಮಿಯಾಗಿರುತ್ತೆ. ಇದನ್ನ ಯಾರೂ ಕೇಳಿರಲಿಲ್ಲ. ಥೈರಾಯ್ಡ್ ಕೂಡ ಇದುವರೆಗೆ ನೋಡಿಲ್ಲ.

ಉಸಿರಾಟ · 2.20

ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಮಾಡಿಸಿ, ಅಟ್ಯಾಕ್ ನಡೀತಿರುವಾಗಿನ ನಾಡಿ ಬರೆದಿಡಿ. ಅವು ಸರಿಯಿದ್ದರೆ ಏಳನೇ ಇಸಿಜಿ ಬೇಡ, ಮನೋವೈದ್ಯರ ಹತ್ತಿರ ಹೋಗಿ. ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ಹತ್ತಿರ ಎಲ್ಲಿ ಹೋಗಬೇಕು ಅಂತಲೂ ಹೇಳ್ತಾರೆ. ನೋವಿನ ರೀತಿ ಬದಲಾದರೆ ಮಾತ್ರ, ಅಂದರೆ ನಡೆದಾಗ ಬಂದು ನಿಂತಾಗ ಹೋಗೋದು, ಪ್ರಜ್ಞೆ ತಪ್ಪೋದು, ಒಂದೇ ಕಾಲು ಊದಿ ಏದುಸಿರು ಬರೋದು, ಆಗ ಹಳೇ ರಿಪೋರ್ಟ್ ನೆಚ್ಚಿಕೊಳ್ಳಬೇಡಿ.

ಸಿಬಿಟಿ ಅನ್ನೋ ಮನಶ್ಶಾಸ್ತ್ರದ ಚಿಕಿತ್ಸೆಯಲ್ಲಿ ಏನು ಮಾಡ್ತೀವಿ ಅಂದರೆ, ಬೇಕಂತಲೇ ಒಂದು ನಿಮಿಷ ಜೋರಾಗಿ ಉಸಿರಾಡಿಸಿ, ನಿಂತಲ್ಲೇ ಓಡಿಸಿ, ಆ ಢವಢವ, ಜುಮ್ಮು ನಮ್ಮ ಎದುರೇ ಬರಿಸ್ತೀವಿ. ಬಂತು, ಏನೂ ಆಗದೆ ಹೋಯ್ತು ಅನ್ನೋದನ್ನ ಮೈ ಕಲೀಬೇಕು. ಹೃದಯ ಸರಿಯಿದೆ ಅಂತ ಖಚಿತ ಆಗದೆ ನಾವು ಇದನ್ನ ಶುರು ಮಾಡೋ ಹಾಗಿಲ್ಲ. ಮಾತ್ರೆ ಬೇಕಾದರೆ ಎಸ್ಸಿಟಾಲೋಪ್ರಾಮ್ ಥರದ್ದನ್ನ 5 ಮಿ.ಗ್ರಾಂ.ನಿಂದ ಶುರು ಮಾಡ್ತಾರೆ, ಮೊದಲ ವಾರ ಚಡಪಡಿಕೆ ಜಾಸ್ತಿಯಾಗಬಹುದು, ಗುಣ ಕಾಣೋಕೆ ಕೆಲವು ವಾರ ಬೇಕು. ಅಷ್ಟರಲ್ಲೇ ಬಿಟ್ಟುಬಿಡುವವರೇ ಹೆಚ್ಚು. ಥಟ್ಟನೆ ಶಾಂತ ಮಾಡುವ ಆಲ್‌ಪ್ರಜೋಲಾಮ್ ಮಾತ್ರೆಯನ್ನ ಮಾತ್ರ ಜೇಬಲ್ಲಿಟ್ಟು ತಿರುಗುವ ಅಭ್ಯಾಸ ಮಾಡ್ಕೋಬೇಡಿ, ಬಿಡಿಸೋದು ಪ್ಯಾನಿಕ್ ಗುಣಪಡಿಸೋದಕ್ಕಿಂತ ಕಷ್ಟ.

ಸೋಡಾ_ಗೋಲಿ · 2.41

2025ರ ಜೂನ್, ಜುಲೈಯಲ್ಲಿ ಹಾಸನದಲ್ಲಿ ಸಾಲುಸಾಲು ಹೃದಯಾಘಾತದ ಸಾವು ಅಂತ ಸುದ್ದಿ ಬಂದಾಗ ಮೈಸೂರು ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತರಲ್ಲ ಜನ, ಅವರೆಲ್ಲ ಪ್ಯಾನಿಕ್ಕಾ ಹಂಗಾದ್ರೆ?

ರಾತ್ರಿಪಾಳಿ · 2.50

ಅದು ಹೆದರಿಕೆ, ಪ್ಯಾನಿಕ್ ಅಟ್ಯಾಕ್ ಅಲ್ಲ. ಲಕ್ಷಣವೇ ಇಲ್ಲದವರಿಗೆ ಮಲಗಿಸಿ ತೆಗೆದ ಇಸಿಜಿಯಿಂದ ಸಿಗೋದು ಅಷ್ಟಕ್ಕಷ್ಟೆ. ಅವರು ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ ಸಿಗರೇಟು ಬಿಟ್ಟಿದ್ದರೆ ಹೆಚ್ಚು ಪ್ರಯೋಜನ ಆಗ್ತಿತ್ತು.

ಶೆಟ್ಟಿಹಳ್ಳಿ_ತಿರುವು · ಸಂಜೆ 6.15

ಅಪ್‌ಡೇಟ್. ಎಮರ್ಜೆನ್ಸಿಯಲ್ಲಿ ಬಂದ ಐದು ನಿಮಿಷಕ್ಕೆ ಇಸಿಜಿ ತೆಗೆದರು. ನೋವು ಒಂದು ಚೂರೂ ಇರಲಿಲ್ಲ, ಆದರೂ ವಿ2, ವಿ3ರಲ್ಲಿ ಟಿ ಅಲೆ ಅರ್ಧ ಮೇಲೆ ಹೋಗಿ ಅರ್ಧ ಕೆಳಗೆ ಮಗುಚಿದೆ ಅಂದರು. ಭಾನುವಾರದ ಕಾಗದ ಪಕ್ಕಕ್ಕಿಟ್ಟು ತೋರಿಸಿದರು, ಅದರಲ್ಲಿ ಇರಲಿಲ್ಲ. ಟ್ರೋಪೋನಿನ್ ಎರಡು ಸಲವೂ ಗಡಿಯೊಳಗೇ ಇತ್ತು. ಅಡ್ಮಿಟ್ ಆಗಿ, ನಾಳೆ ಬೆಳಿಗ್ಗೆ ಆಂಜಿಯೋಗ್ರಾಮ್. ಭಾವ ‘ನೋವೇ ಇಲ್ಲವಲ್ಲ, ಯಾಕೆ’ ಅಂತ ಜಗಳ ಮಾಡ್ತಿದ್ದಾರೆ.

ಹನ್ನೆರಡು_ಲೀಡ್ · 6.28

ವೆಲ್ಲೆನ್ಸ್ ಅಂತಾರ್ರಿ ಅದಕ್ಕ. ನೋವು ಹೋದ ಮ್ಯಾಲನ ಕಾಣೂದು ಅದು. ನೋವು ಇದ್ದಾಗ ತೆಗದ್ರ ನಾರ್ಮಲ್ ಕಂಡಂಗ ಕಾಣಬಹುದು.

ರಾತ್ರಿಪಾಳಿ · 6.45

ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಮೇಲ್ಗಡೆಯೇ ಬಹಳ ಕಿರಿದಾಗಿದೆ ಅನ್ನೋ ಗುರುತು. ಭಾನುವಾರ ಅದು ಮುಚ್ಚಿ, ತಾನೇ ತೆರೆದುಕೊಂಡಿರಬೇಕು. ಮಾಗಡಿ_ರೋಡ್ ಅವರೇ, ಟಿಎಂಟಿ ಬೇಡ ಅಂದದ್ದು ಇದಕ್ಕೇ. ಇಂಥವರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಅಲ್ಲೇ ಹೃದಯಾಘಾತ ಆಗಬಹುದು. ಕೂತಲ್ಲೇ ಇಂಥ ನೋವು ಬಂದವರಿಗೆ ತಕ್ಷಣ ಟಿಎಂಟಿ ಮಾಡುವ ಮಾತೇ ಇಲ್ಲ.

ಮಾಗಡಿ_ರೋಡ್ · 7.02

ಒಪ್ಪಿದೆ, ಟಿಎಂಟಿ ಮಾತು ವಾಪಸ್. ಆದರೆ ಆ ನರ್ಸಿಂಗ್ ಹೋಮಿನವರದ್ದು ತಪ್ಪೇ ಅಂತೀರಾ? ಅವರ ಮುಂದೆ ಇದ್ದದ್ದು ನಾರ್ಮಲ್ ಇಸಿಜಿ.

ರಾತ್ರಿಪಾಳಿ · 7.15

ಇಸಿಜಿ ಓದಿದ್ದು ತಪ್ಪಲ್ಲ. 44 ವರ್ಷ, ಶುಗರ್, ಸಿಗರೇಟು, ಅಪ್ಪನಿಗೆ ಬೈಪಾಸ್ ಇರುವ ಮನುಷ್ಯನನ್ನ ಮುಕ್ಕಾಲು ಗಂಟೆಯಲ್ಲಿ ಮನೆಗೆ ಕಳಿಸಿದ್ದು ತಪ್ಪು. ಕೂರಿಸಿ, ಮತ್ತೆರಡು ಇಸಿಜಿ, ಮೂರು ಗಂಟೆ ಬಿಟ್ಟು ಇನ್ನೊಂದು ರಕ್ತ. ಸೌಲಭ್ಯ ಇಲ್ಲದಿದ್ದರೆ ಇರುವ ಕಡೆ ಕಳಿಸಬೇಕಿತ್ತು.

ಮಾತ್ರೆ_ಡಬ್ಬಿ · 7.31

ರಾತ್ರಿ 11ಕ್ಕೆ ಒಬ್ಬನೇ ಡ್ಯೂಟಿ ಡಾಕ್ಟರ್ ಇರೋ ಕಡೆ ಎದೆನೋವು ಅಂದವರನ್ನೆಲ್ಲ ಮೂರು ಗಂಟೆ ಕೂರಿಸೋದು ಹೇಳಿದಷ್ಟು ಸುಲಭ ಅಲ್ಲ ಸಾರ್. ‘ದುಡ್ಡಿಗೋಸ್ಕರ ಕೂರಿಸಿದ್ರು’ ಅಂತ ಮಾರನೇ ದಿನ ಇಲ್ಲೇ ಬರೀತಾರೆ.

ರಾತ್ರಿಪಾಳಿ · 7.36

ಬರೀತಾರೆ, ನಿಜ.

ಶೆಟ್ಟಿಹಳ್ಳಿ_ತಿರುವು · ಬುಧವಾರ, ಮಧ್ಯಾಹ್ನ 1.20

ಆಂಜಿಯೋಗ್ರಾಮಲ್ಲಿ ಮುಂದಿನ ನಾಳದಲ್ಲಿ 90 ಪರ್ಸೆಂಟ್, ಒಂದು ಸ್ಟೆಂಟ್ ಹಾಕಿದ್ದಾರೆ. ಐಸಿಯುನಲ್ಲಿದ್ದಾರೆ, ಮಾತಾಡ್ತಿದ್ದಾರೆ.

ಇನ್ನೊಂದು ಸಮಸ್ಯೆ. ಬೆಳಗಿನ ಜಾವ 4ಕ್ಕೆ, ಸ್ಟೆಂಟ್ ಹಾಕೋ ಮೊದಲೇ, ಢವಢವ ಅಂತ ಎದ್ದು ಕೂತು ಬೆರಳು ಸೆಟೆದುಕೊಂಡವಂತೆ. ಸಿಸ್ಟರ್ ತಕ್ಷಣ ಇಸಿಜಿ ತೆಗೆದರು, ಹೊಸದೇನೂ ಇಲ್ಲ. ಹಾಗಾದರೆ ಇವರಿಗೆ ಎರಡೂ ಇದೆಯಾ?

ಉಸಿರಾಟ · 1.42

ಇರಬಹುದು. ಒಂದು ಇದ್ದರೆ ಇನ್ನೊಂದು ಇರಬಾರದು ಅಂತೇನಿಲ್ಲ, ನಿದ್ದೆಯಿಂದ ಎಬ್ಬಿಸುವ ಪ್ಯಾನಿಕ್ಕೂ ಉಂಟು. ಡಿಸ್ಚಾರ್ಜ್‌ಗೆ ಮುಂಚೆ ಹೃದ್ರೋಗ ವೈದ್ಯರಿಗೆ ಕಳೆದ ವರ್ಷದ್ದು ಹೇಳಿ, ಮನೋವೈದ್ಯರಿಗೂ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದೆ ಅಂತ ಅವರಿಗೆ ಗೊತ್ತಿರಬೇಕು, ಪ್ಯಾನಿಕ್ಕಿಗೆ ಕೊಡುವ ಕೆಲವು ಮಾತ್ರೆ ಅದರ ಜೊತೆ ರಕ್ತಸ್ರಾವ ಸ್ವಲ್ಪ ಹೆಚ್ಚಿಸಬಹುದು.

ಶೆಟ್ಟಿಹಳ್ಳಿ_ತಿರುವು · 1.50

ಮುಂದೆ ಎದೆ ಹಿಡಿದರೆ ಯಾವುದು ಅಂತ ತಿಳಿಯೋದು ಹೇಗೆ?

ರಾತ್ರಿಪಾಳಿ · 2.10

ಸ್ಟೆಂಟ್ ಆದ ಮೊದಲ ತಿಂಗಳುಗಳಲ್ಲಿ ಮನೇಲಿ ಕೂತು ತಿಳಿಯೋ ಪ್ರಯತ್ನವೇ ಬೇಡ. ಭಾರ, ಬೆವರು ಬಂದರೆ 108. ಬರೀ ಜುಮ್ಮು, ಢವಢವ ಆಗಿ ಹತ್ತು ನಿಮಿಷದಲ್ಲಿ ಇಳಿಯುತ್ತಾ ಬಂದರೂ ಮೊದಲ ಒಂದೆರಡು ಸಲ ಇಸಿಜಿ ತೆಗೆಸಿ. ಡಿಸ್ಚಾರ್ಜ್ ಆಗುವ ದಿನದ ಇಸಿಜಿಯ ಫೋಟೊ ಅಕ್ಕನ ಫೋನಲ್ಲೂ ಭಾವನ ಫೋನಲ್ಲೂ ಇರಲಿ. ಆ ಟಿ ಅಲೆ ಸರಿಹೋಗೋಕೆ ವಾರಗಳು ಹಿಡಿಯುತ್ತೆ, ಹಳೇದು ಕೈಲಿಲ್ಲದಿದ್ದರೆ ಮುಂದಿನ ಡಾಕ್ಟರ್ ಅದನ್ನೇ ಹೊಸ ಅಟ್ಯಾಕ್ ಅಂದುಕೊಳ್ತಾರೆ.

ಸೋಡಾ_ಗೋಲಿ · 2.26

ಓಂಕಾಳು ನೀರು ಕುಡಿಸಬಹುದಲ್ವಾ, ಅದಕ್ಕೇನೂ ತೊಂದರೆ ಇಲ್ಲ ತಾನೆ?

ರಾತ್ರಿಪಾಳಿ · 2.29

ಕುಡಿಸಿ ಸ್ವಾಮಿ. ಆಸ್ಪತ್ರೆಗೆ ಹೋಗಿ ಬಂದ ಮೇಲೆ.